ಶೇಂಗಾ ಎಣ್ಣೆ ಕೂಲರ್‌ನ ಲೆಕ್ಕ: ಶಾಖದ ತಾಳೆ ಮತ್ತು ಎಲ್‌ಎಂಟಿಡಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ ಜಿಲ್ಲೆಯಲ್ಲಿ ಎಣ್ಣೆ ಅಂದರೆ ಚಳ್ಳಕೆರೆ. ಅಲ್ಲಿನ ರಿಫೈನರಿಗಳಲ್ಲಿ ಪಾಳಿ ನೋಡಿಕೊಳ್ಳುವವರು ಕೇಳುವ ಪ್ರಶ್ನೆಗಳೂ, ದಾವಣಗೆರೆ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳೂ ಮೇಲ್ನೋಟಕ್ಕೆ ಬೇರೆ ಬೇರೆ. ಒಬ್ಬರಿಗೆ ಎಣ್ಣೆ ತಣ್ಣಗಾಗಬೇಕು, ಇನ್ನೊಬ್ಬರಿಗೆ ಉತ್ತರ ಬರಬೇಕು. ಆದರೆ ಎರಡಕ್ಕೂ ಲೆಕ್ಕ ಒಂದೇ. ಅದಕ್ಕೇ ಇಲ್ಲಿ ಒಂದೇ ಒಂದು ಕೂಲರ್ ಇಟ್ಟುಕೊಂಡು ಕೊನೆಯವರೆಗೂ ಅದನ್ನೇ ಲೆಕ್ಕ ಹಾಕಿದ್ದೇವೆ. ಅಂಕಿಗಳು ಲೆಕ್ಕಕ್ಕಾಗಿ ಆರಿಸಿಕೊಂಡವು. ನಿಮ್ಮ ಕೂಲರ್‌ನ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಬಹುದು.

ಯಾವ ಕೂಲರ್? ಏನು ಕೆಲಸ?

ಕೊಳವೆಯೊಳಗೆ ಕೊಳವೆ ಇರುವ ಸಾದಾ ಕೂಲರ್. ಒಳಗಿನ ಕೊಳವೆಯಲ್ಲಿ ಬಿಸಿ ಶೇಂಗಾ ಎಣ್ಣೆ, ಹೊರಗಿನ ಕೊಳವೆಯಲ್ಲಿ ತಣ್ಣೀರು. ಎಣ್ಣೆ ಒಂದು ತುದಿಯಿಂದ ಬಂದರೆ ನೀರು ಎದುರು ತುದಿಯಿಂದ ಬರುತ್ತದೆ. ಇದೇ ಕೌಂಟರ್‌ಫ್ಲೋ, ಎದುರು ಹರಿವು.

ಗಂಟೆಗೆ 1800 ಕೆ.ಜಿ. ಎಣ್ಣೆ, ಅಂದರೆ ಸೆಕೆಂಡಿಗೆ 0.5 ಕೆ.ಜಿ., 100 ಡಿಗ್ರಿಯಲ್ಲಿ ಒಳಬರುತ್ತದೆ. ಟ್ಯಾಂಕಿಗೆ ಹೋಗುವ ಹೊತ್ತಿಗೆ ಅದು 50 ಡಿಗ್ರಿಗೆ ಇಳಿದಿರಬೇಕು, ಏಕೆಂದರೆ ಬಿಸಿ ಎಣ್ಣೆ ಗಾಳಿಗೆ ಸಿಕ್ಕರೆ ಬೇಗ ಕಮಟು ಹಿಡಿಯುತ್ತದೆ. ನೀರು ಕೂಲಿಂಗ್ ಟವರಿನಿಂದ 30 ಡಿಗ್ರಿಯಲ್ಲಿ ಬರುತ್ತದೆ, ಅದೂ ಸೆಕೆಂಡಿಗೆ 0.5 ಕೆ.ಜಿ.

ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕು? ನೇರವಾಗಿ ಎಲ್‌ಎಂಟಿಡಿಗೆ ಹೋಗಬಹುದೇ?

ಹೋಗಬೇಡಿ. ಎಲ್‌ಎಂಟಿಡಿ ಅಂದರೆ ಎಣ್ಣೆಗೂ ನೀರಿಗೂ ಇರುವ ಉಷ್ಣತೆಯ ವ್ಯತ್ಯಾಸದ ಲಾಗರಿದಮ್ ಸರಾಸರಿ, ಅದು ಆಮೇಲೆ. ಮೊದಲು ಶಾಖದ ತಾಳೆ. ಎಣ್ಣೆ ಎಷ್ಟು ಶಾಖ ಬಿಟ್ಟುಕೊಟ್ಟಿತೋ ಅಷ್ಟನ್ನೇ ನೀರು ಹೊತ್ತುಕೊಂಡು ಹೋಗಬೇಕು. ಇಲ್ಲಿ ಕೊಳವೆಯ ಉದ್ದ, ವಿಸ್ತೀರ್ಣ, ಹರಿವಿನ ದಿಕ್ಕು ಯಾವುದೂ ಬರುವುದಿಲ್ಲ. ಬರೀ ಜಮಾ-ಖರ್ಚು.

ಈ ಉಷ್ಣತೆಗಳಲ್ಲಿ ಶೇಂಗಾ ಎಣ್ಣೆಯ ವಿಶಿಷ್ಟೋಷ್ಣವನ್ನು 2.1 ಎಂದೂ ನೀರಿನದ್ದನ್ನು 4.18 ಎಂದೂ ಹಿಡಿಯೋಣ, ಎರಡೂ ಕೆ.ಜಿ.ಗೆ ಪ್ರತಿ ಡಿಗ್ರಿಗೆ ಕಿಲೋಜೂಲ್ ಲೆಕ್ಕದಲ್ಲಿ.

```
Q = 0.5 × 2.1 × (100 − 50) = 52.5 kW
52.5 = 0.5 × 4.18 × (T − 30)
T = 30 + 25.1 = 55.1 °C
```

ಎಣ್ಣೆ 50 ಡಿಗ್ರಿ ಇಳಿದರೆ, ಅಷ್ಟೇ ತೂಕದ ನೀರು ಏರಿದ್ದು ಬರೀ 25 ಡಿಗ್ರಿ. ಒಂದೊಂದು ಡಿಗ್ರಿಗೂ ನೀರು ಎಣ್ಣೆಯ ಸುಮಾರು ಎರಡರಷ್ಟು ಶಾಖ ಹಿಡಿಯುತ್ತದೆ. ಹರಿವು ಮತ್ತು ವಿಶಿಷ್ಟೋಷ್ಣವನ್ನು ಗುಣಿಸಿದರೆ ಬರುವ ಸಂಖ್ಯೆ ಎಣ್ಣೆಗೆ 1.05, ನೀರಿಗೆ 2.09. ಇವೆರಡನ್ನು ಬದಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತವೆ.

ನಮ್ಮಲ್ಲಿ ನೀರಿಗೆ ಮೀಟರ್ ಇಲ್ಲ. ಹರಿವು ತಿಳಿಯುವುದು ಹೇಗೆ?

ಬಕೆಟ್ ಮತ್ತು ಗಡಿಯಾರ ಸಾಕು. ಕೂಲರ್‌ನಿಂದ ಹೊರಬರುವ ನೀರನ್ನು 20 ಲೀಟರಿನ ಬಕೆಟ್ಟಿಗೆ ಹಿಡಿಯಿರಿ. 40 ಸೆಕೆಂಡಿಗೆ ತುಂಬಿದರೆ ಹರಿವು ಸೆಕೆಂಡಿಗೆ ಅರ್ಧ ಲೀಟರ್. ಪೈಪನ್ನು ಬಕೆಟ್ ತನಕ ಎಳೆಯಲು ವಾಲ್ವ್ ತಿರುಗಿಸಿದರೆ ಹರಿವೇ ಬದಲಾಗುತ್ತದೆ. ಆದ್ದರಿಂದ ನೀರು ಟವರಿಗೆ ಬೀಳುವ ಜಾಗದಲ್ಲೇ, ಇದ್ದ ಸ್ಥಿತಿಯಲ್ಲೇ ಹಿಡಿಯಬೇಕು.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರ. ಮೀಟರ್ ಲೀಟರ್ ತೋರಿಸುತ್ತದೆ, ಲೆಕ್ಕಕ್ಕೆ ಕೆ.ಜಿ. ಬೇಕು. ಶೇಂಗಾ ಎಣ್ಣೆ ತಣ್ಣಗಿದ್ದಾಗ ಲೀಟರಿಗೆ ಸುಮಾರು 0.91 ಕೆ.ಜಿ. ತೂಗಿದರೆ 100 ಡಿಗ್ರಿಯಲ್ಲಿ ಸುಮಾರು 0.86 ತೂಗುತ್ತದೆ. ಮೀಟರ್ ಕೂಲರ್‌ಗೆ ಮುಂಚೆ, ಬಿಸಿ ಎಣ್ಣೆಯ ಮೇಲೆ ಇದ್ದು ನೀವು 0.91ರಿಂದ ಗುಣಿಸಿದರೆ ಶಾಖದ ಲೆಕ್ಕ ಅಲ್ಲೇ ನೂರಕ್ಕೆ ಐದಾರರಷ್ಟು ಹೆಚ್ಚು ಬರುತ್ತದೆ.

ಎಣ್ಣೆ ಕಡೆಯ ಶಾಖವೂ ನೀರು ಕಡೆಯ ಶಾಖವೂ ತಾಳೆ ಆಗುತ್ತಿಲ್ಲ. ಯಾವುದನ್ನು ನಂಬಬೇಕು?

ನೂರಕ್ಕೆ ಐದರ ಒಳಗಿನ ವ್ಯತ್ಯಾಸ ಇದ್ದರೆ ಮುಂದುವರಿಯಿರಿ. ಅದಕ್ಕಿಂತ ಹೆಚ್ಚಿದ್ದರೆ ಎಲ್‌ಎಂಟಿಡಿ ಹಾಕುವುದರಲ್ಲಿ ಅರ್ಥವಿಲ್ಲ, ಏಕೆಂದರೆ ತಪ್ಪು ಅಳತೆಯ ಮೇಲೆ ಕಟ್ಟಿದ ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ತಪ್ಪೇ.

ಮೊದಲು ನೋಡಬೇಕಾದದ್ದು ಥರ್ಮಾಮೀಟರ್. ನೀರಿನ ಹರಿವನ್ನು ಸೆಕೆಂಡಿಗೆ 1 ಕೆ.ಜಿ.ಗೆ ಏರಿಸಿದ್ದೀರಿ ಅಂದುಕೊಳ್ಳಿ. ಆಗ ನೀರು ಏರುವುದು ಬರೀ 12.5 ಡಿಗ್ರಿ. ಒಳಬರುವ ಕಡೆಯ ಥರ್ಮಾಮೀಟರ್ ಒಂದು ಡಿಗ್ರಿ ಹೆಚ್ಚು, ಹೊರಹೋಗುವ ಕಡೆಯದ್ದು ಒಂದು ಡಿಗ್ರಿ ಕಮ್ಮಿ ತೋರಿಸಿದರೆ 12.5 ಹೋಗಿ 10.5 ಆಗುತ್ತದೆ. ನೂರಕ್ಕೆ ಹದಿನಾರು ಭಾಗ ಶಾಖ ಕಾಗದದ ಮೇಲೆ ಮಾಯ. ಅದೇ ತಪ್ಪು ಎಣ್ಣೆಯ 50 ಡಿಗ್ರಿ ಇಳಿತದಲ್ಲಿ ಆದರೆ ನೂರಕ್ಕೆ ನಾಲ್ಕು ಮಾತ್ರ. ಹಾಗಾಗಿ ನೀರು ಸ್ವಲ್ಪವೇ ಬಿಸಿಯಾಗುವ ಕೂಲರ್‌ಗಳಲ್ಲಿ ನಾವು ಎಣ್ಣೆ ಕಡೆಯ ಅಂಕಿಗೇ ಹೆಚ್ಚು ಬೆಲೆ ಕೊಡುತ್ತೇವೆ. ನಾಲ್ಕೂ ಥರ್ಮಾಮೀಟರ್‌ಗಳನ್ನು ಬಿಚ್ಚಿ ಒಂದೇ ಬಿಸಿನೀರಿನ ಪಾತ್ರೆಯಲ್ಲಿ ಒಟ್ಟಿಗೆ ಇಟ್ಟು ನೋಡಿದರೆ ಯಾವುದು ಸುಳ್ಳು ಹೇಳುತ್ತಿದೆ ಎಂದು ಗೊತ್ತಾಗುತ್ತದೆ. ಥರ್ಮಾಮೀಟರ್ ಕೂರುವ ಗುಳಿ ಒಣಗಿದ್ದರೆ ಅದು ನಿಜವಾದ ಉಷ್ಣತೆಯನ್ನು ಮುಟ್ಟುವುದಿಲ್ಲ. ಗುಳಿಗೆ ಸ್ವಲ್ಪ ಎಣ್ಣೆ ಬಿಟ್ಟು ಕೂರಿಸಿ.

ಎರಡನೆಯದು, ನಾಲ್ಕೂ ಓದುಗಳನ್ನು ಒಂದೇ ಹೊತ್ತಿಗೆ, ಓಟ ಸ್ಥಿರವಾದ ಮೇಲೆ ಬರೆಯಬೇಕು. ಎಣ್ಣೆ ಆಗತಾನೇ ಬಿಟ್ಟಿದ್ದರೆ ಕಬ್ಬಿಣವೇ ಬಿಸಿಯಾಗಲು ಶಾಖ ಕುಡಿಯುತ್ತಿರುತ್ತದೆ.

ಹೊರಗಿನ ಗಾಳಿಗೆ ಹೋಗುವ ಶಾಖ ನಮ್ಮ ಕೂಲರ್‌ನಲ್ಲಿ ಕಡಿಮೆ, ಏಕೆಂದರೆ ಹೊರಗಿನ ಕೊಳವೆಯಲ್ಲಿರುವುದು ಬೆಚ್ಚನೆಯ ನೀರು. ಬಿಸಿ ಎಣ್ಣೆಯೇ ಹೊರಗಿದ್ದು ಮೇಲೆ ಹೊದಿಕೆ ಇಲ್ಲದಿದ್ದರೆ ಮಾತ್ರ ಅದು ಲೆಕ್ಕಕ್ಕೆ ಸಿಗುವಷ್ಟಾಗುತ್ತದೆ.

ಎದುರು ಹರಿವೇ ಯಾಕೆ ಬೇಕು? ಎರಡನ್ನೂ ಒಂದೇ ದಿಕ್ಕಿಗೆ ಬಿಟ್ಟರೆ ಆಗದೇ?

ಈ ಕೆಲಸಕ್ಕೆ ಆಗುವುದೇ ಇಲ್ಲ. ನಮ್ಮ ನೀರು 55 ಡಿಗ್ರಿಗೆ ಹೊರಹೋಗುತ್ತಿದೆ, ಎಣ್ಣೆ 50ಕ್ಕೆ. ಎರಡೂ ಒಂದೇ ದಿಕ್ಕಿಗೆ ಹರಿದರೆ ಹೊರಹೋಗುವ ತುದಿಯಲ್ಲಿ ತಣ್ಣಗಿನ ಎಣ್ಣೆ ಬಿಸಿ ನೀರಿಗೆ ಶಾಖ ಕೊಡಬೇಕಾಗುತ್ತದೆ. ಶಾಖ ಹಾಗೆ ಹರಿಯುವುದಿಲ್ಲ. ಕೊಳವೆಯನ್ನು ಚಳ್ಳಕೆರೆಯಿಂದ ಹಿರಿಯೂರಿನವರೆಗೆ ಎಳೆದರೂ ಎರಡೂ ಒಂದೇ ಉಷ್ಣತೆಗೆ ಬಂದು ನಿಂತುಬಿಡುತ್ತವೆ.

```
(1.05 × 100 + 2.09 × 30) / (1.05 + 2.09) = 53.4 °C
```

ಅದಕ್ಕಿಂತ ಕೆಳಗೆ ಎಣ್ಣೆ ಇಳಿಯದು. ಎದುರು ಹರಿವಿನಲ್ಲಿ ಹಾಗಲ್ಲ. ಹೊರಹೋಗುವ ಎಣ್ಣೆಗೆ ಎದುರಾಗುವುದು ಆಗತಾನೇ ಬಂದ 30 ಡಿಗ್ರಿಯ ತಣ್ಣೀರು, ಹೊರಹೋಗುವ ಬೆಚ್ಚನೆ ನೀರಿಗೆ ಎದುರಾಗುವುದು ಆಗತಾನೇ ಬಂದ 100 ಡಿಗ್ರಿಯ ಎಣ್ಣೆ. ಉದ್ದಕ್ಕೂ ಎಣ್ಣೆಯೇ ಮೇಲು, ನೀರೇ ಕೆಳಗು.

ಎಲ್‌ಎಂಟಿಡಿ ಅಂದರೆ ನಿಜಕ್ಕೂ ಏನು? ಎರಡು ತುದಿಯ ವ್ಯತ್ಯಾಸದ ಸಾದಾ ಸರಾಸರಿ ಯಾಕೆ ಸಾಲದು?

ಶಾಖವನ್ನು ತಳ್ಳುವುದು ಉಷ್ಣತೆಯ ವ್ಯತ್ಯಾಸ. ನಮ್ಮ ಕೂಲರ್‌ನ ಬಿಸಿ ತುದಿಯಲ್ಲಿ ಎಣ್ಣೆ 100, ನೀರು 55.1. ವ್ಯತ್ಯಾಸ 44.9. ತಣ್ಣನೆ ತುದಿಯಲ್ಲಿ ಎಣ್ಣೆ 50, ನೀರು 30. ವ್ಯತ್ಯಾಸ 20. ನಡುವೆ ಪ್ರತಿ ಮೀಟರಿನಲ್ಲೂ ಬೇರೆ ಬೇರೆ ವ್ಯತ್ಯಾಸ. ಇಡೀ ಕೂಲರ್‌ಗೆ ಒಂದೇ ಸಂಖ್ಯೆ ಹೇಳಬೇಕಾದರೆ ಯಾವುದು ಎಂಬುದು ಪ್ರಶ್ನೆ.

ಬಿಸಿ ತುದಿಯ ಒಂದು ಮೀಟರ್ ಕೊಳವೆ ತಣ್ಣನೆ ತುದಿಯ ಒಂದು ಮೀಟರ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ದಾಟಿಸುತ್ತದೆ. ಹೆಚ್ಚು ದಾಟಿಸುವ ಜಾಗದಲ್ಲಿ ವ್ಯತ್ಯಾಸವೂ ಬೇಗ ಬೇಗ ಕುಗ್ಗುತ್ತದೆ. ಹೀಗಾಗಿ ದೊಡ್ಡ ವ್ಯತ್ಯಾಸ ಇರುವ ಉದ್ದ ಚಿಕ್ಕದು, ಸಣ್ಣ ವ್ಯತ್ಯಾಸ ಇರುವ ಉದ್ದ ದೊಡ್ಡದು. ಸರಾಸರಿ ಸಣ್ಣದರ ಕಡೆಗೆ ವಾಲಬೇಕು. ಆ ವಾಲುವಿಕೆಯನ್ನು ಕರಾರುವಾಕ್ಕಾಗಿ ಹಿಡಿಯುವುದು ಲಾಗರಿದಮ್.

```
LMTD = (44.9 − 20) / ln(44.9 / 20)
     = 24.9 / 0.809 = 30.8
```

ಸಾದಾ ಸರಾಸರಿ 32.45 ಬರುತ್ತಿತ್ತು. ಇಲ್ಲಿ ವ್ಯತ್ಯಾಸ ನೂರಕ್ಕೆ ಐದು ಅಷ್ಟೇ. ಆದರೆ ಒಂದು ತುದಿ 60, ಇನ್ನೊಂದು 5 ಇದ್ದರೆ ಸಾದಾ ಸರಾಸರಿ 32.5, ಎಲ್‌ಎಂಟಿಡಿ 22. ಸಾದಾ ಸರಾಸರಿಯನ್ನು ನಂಬಿ ಕಟ್ಟಿಸಿದ ಕೂಲರ್ ಬೇಕಾದದ್ದರ ಮೂರನೇ ಎರಡು ಭಾಗದಷ್ಟೇ ಇರುತ್ತದೆ.

ಪರೀಕ್ಷೆಯಲ್ಲಿ ಹೆಚ್ಚಾಗಿ ಎಡವುವುದು ತುದಿಗಳನ್ನು ಜೋಡಿಸುವಲ್ಲಿ. ಒಳಬರುವ ಎಣ್ಣೆಗೆ ಒಳಬರುವ ನೀರನ್ನು ಕಳೆಯುತ್ತಾರೆ. ಎದುರು ಹರಿವಿನಲ್ಲಿ ಅವೆರಡೂ ಬೇರೆ ಬೇರೆ ತುದಿಯಲ್ಲಿವೆ. ಚಿತ್ರ ಬರೆದು, ಒಂದೇ ತುದಿಯಲ್ಲಿ ಎದುರುಬದುರು ನಿಂತಿರುವ ಎರಡು ಉಷ್ಣತೆಗಳನ್ನು ಮಾತ್ರ ಕಳೆಯಿರಿ.

ಇದರಿಂದ ವಿಸ್ತೀರ್ಣ ಹೇಗೆ ಬರುತ್ತದೆ?

```
A = Q / (U × LMTD)
  = 52500 / (250 × 30.8) = 6.8 m²
```

ಇಲ್ಲಿ 250 ಎಂಬುದು ಒಟ್ಟು ಶಾಖ ದಾಟಿಸುವ ಗುಣಾಂಕ. ಚದರ ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್ ಎಂದು. ಎಣ್ಣೆ-ನೀರು ಕೂಲರ್‌ಗಳಲ್ಲಿ ಸಾಮಾನ್ಯವಾಗಿ ಅದು 110ರಿಂದ 350ರ ನಡುವೆ ಇರುತ್ತದೆ. ಇಡೀ ಲೆಕ್ಕದಲ್ಲಿ ಅತ್ಯಂತ ಸಡಿಲವಾದ ಅಂಕಿ ಇದೇ. ಎಲ್‌ಎಂಟಿಡಿಯನ್ನು ನಾಲ್ಕು ದಶಾಂಶಕ್ಕೆ ತೆಗೆದು, ಗುಣಾಂಕವನ್ನು ಅಂದಾಜಿನಲ್ಲಿ ಹಾಕುವುದು ಸರಿಯಲ್ಲ. ಒಂದು ದಶಾಂಶ ಸಾಕು.

ಎರಡೂ ತುದಿಯ ವ್ಯತ್ಯಾಸ ಒಂದೇ ಆದರೆ ಕ್ಯಾಲ್ಕುಲೇಟರ್ ತಪ್ಪು ತೋರಿಸುತ್ತದೆ. ಏನು ಮಾಡುವುದು?

ಮೇಲೂ ಸೊನ್ನೆ, ಕೆಳಗೂ ಸೊನ್ನೆ ಬರುವುದರಿಂದ ಹಾಗಾಗುತ್ತದೆ. ಎರಡೂ ತುದಿಯಲ್ಲಿ ಒಂದೇ ವ್ಯತ್ಯಾಸ ಇದ್ದರೆ ಉದ್ದಕ್ಕೂ ಅದೇ ಇರುತ್ತದೆ, ಎಲ್‌ಎಂಟಿಡಿಯೂ ಅದೇ. ನಮ್ಮ ಕೂಲರ್‌ನಲ್ಲಿ ನೀರನ್ನು ಸೆಕೆಂಡಿಗೆ 0.25 ಕೆ.ಜಿ.ಗೆ ಇಳಿಸಿದರೆ ನೀರಿನ ಸಂಖ್ಯೆಯೂ 1.05 ಆಗಿ, ನೀರು 80 ಡಿಗ್ರಿಗೆ ಹೊರಬಂದು, ಎರಡೂ ತುದಿಯಲ್ಲಿ 20 ಉಳಿಯುತ್ತದೆ. ಆಗ ವಿಸ್ತೀರ್ಣ 10.5 ಚದರ ಮೀಟರ್ ಬೇಕು.

ನೀರನ್ನು ಎರಡು ಪಟ್ಟು ಮಾಡಿದರೆ ಕೂಲರ್ ಅರ್ಧಕ್ಕೆ ಇಳಿಯುತ್ತದೆಯೇ?

ಇಲ್ಲ. ಸೆಕೆಂಡಿಗೆ 1 ಕೆ.ಜಿ. ನೀರು ಬಿಟ್ಟರೆ ಅದು 42.6 ಡಿಗ್ರಿಗೆ ಹೊರಬರುತ್ತದೆ. ಬಿಸಿ ತುದಿಯ ವ್ಯತ್ಯಾಸ 57.4, ತಣ್ಣನೆ ತುದಿಯದ್ದು ಮತ್ತೆ ಅದೇ 20. ಎಲ್‌ಎಂಟಿಡಿ 35.5, ವಿಸ್ತೀರ್ಣ 5.9 ಚದರ ಮೀಟರ್. ನೀರು ದುಪ್ಪಟ್ಟು, ಉಳಿತಾಯ ನೂರಕ್ಕೆ ಹದಿಮೂರು. ನೀರಿನ ವೇಗ ಹೆಚ್ಚಿದ್ದರಿಂದ ಗುಣಾಂಕವೂ ಜಿಗಿಯುತ್ತದೆ ಅಂದುಕೊಳ್ಳಬೇಡಿ. ಶಾಖಕ್ಕೆ ಅಡ್ಡ ನಿಂತಿರುವುದು ಕೊಳವೆಗೆ ಅಂಟಿಕೊಂಡು ನಿಧಾನವಾಗಿ ಜಾರುವ ಎಣ್ಣೆಯ ಪದರ, ನೀರಲ್ಲ.

ಹಾಗಿದ್ದರೂ ನಮ್ಮ ಕಡೆ ನೀರು ಹೆಚ್ಚು ಬಿಡುವುದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕಾರಣ ವಿಸ್ತೀರ್ಣವಲ್ಲ, ಬೋರ್‌ವೆಲ್ ನೀರು. ಚಿತ್ರದುರ್ಗ ಸೀಮೆಯ ಬೋರ್ ನೀರು ಬಹಳ ಕಡೆ ಗಡಸು. ನೀರು ಬಿಸಿಯಾದಷ್ಟೂ ಅದರೊಳಗಿನ ಸುಣ್ಣ ಕೊಳವೆಗೆ ಕಟ್ಟಿಕೊಳ್ಳುವುದು ಹೆಚ್ಚು. ಇಂಥ ನೀರನ್ನು 45 ಡಿಗ್ರಿ ದಾಟಲು ಬಿಡದಿರುವುದು ಕ್ಷೇಮ. 55 ಡಿಗ್ರಿಯ ಲೆಕ್ಕ ಕಾಗದದ ಮೇಲೆ ಸರಿ, ಕೊಳವೆಗೆ ಕಷ್ಟ.

ಗುಣಾಂಕ ಉದ್ದಕ್ಕೂ ಒಂದೇ ಇರುತ್ತದೆ ಎಂದು ಎಲ್‌ಎಂಟಿಡಿ ನಂಬುತ್ತದಲ್ಲ. ಎಣ್ಣೆಗೆ ಅದು ನಿಜವೇ?

ಪೂರ್ತಿ ನಿಜವಲ್ಲ, ಮತ್ತು ಎಣ್ಣೆಯಲ್ಲಿ ಇದು ಸಣ್ಣ ವಿಷಯವೂ ಅಲ್ಲ. ಶೇಂಗಾ ಎಣ್ಣೆ 40 ಡಿಗ್ರಿಯಲ್ಲಿ ಇರುವಷ್ಟು ಮಂದ 100 ಡಿಗ್ರಿಯಲ್ಲಿ ಇರುವುದಿಲ್ಲ. ಅದರ ಸ್ನಿಗ್ಧತೆ ಸುಮಾರು ಐದನೇ ಒಂದಕ್ಕೆ ಇಳಿದಿರುತ್ತದೆ. ಬಿಸಿ ತುದಿಯಲ್ಲಿ ಎಣ್ಣೆ ಸಲೀಸಾಗಿ ಹರಿದು ಶಾಖ ಚೆನ್ನಾಗಿ ಕೊಡುತ್ತದೆ, ತಣ್ಣನೆ ತುದಿಯಲ್ಲಿ ದಪ್ಪಗಾಗಿ ಗೋಡೆಗೆ ಅಂಟುತ್ತದೆ. ವ್ಯತ್ಯಾಸ ಕಡಿಮೆ ಇರುವ ಜಾಗದಲ್ಲೇ ಗುಣಾಂಕವೂ ಕಡಿಮೆ.

ಇದಕ್ಕೆ ಸುಲಭ ಉಪಾಯ, ಕೂಲರ್ ಅನ್ನು ಎರಡು ತುಂಡು ಮಾಡಿ ಲೆಕ್ಕ ಹಾಕುವುದು. ಎಣ್ಣೆ 75 ಡಿಗ್ರಿ ಆಗುವ ಜಾಗದಲ್ಲಿ ಕತ್ತರಿಸೋಣ. ಅರ್ಧ ಶಾಖ, 26.25 ಕಿಲೋವ್ಯಾಟ್, ಆ ಕಡೆ, ಅರ್ಧ ಈ ಕಡೆ. ಅಲ್ಲಿ ನೀರು 42.6 ಡಿಗ್ರಿ ಇರುತ್ತದೆ, ವ್ಯತ್ಯಾಸ 32.4. ಬಿಸಿ ತುಂಡಿನ ಎಲ್‌ಎಂಟಿಡಿ 38.3, ತಣ್ಣನೆ ತುಂಡಿನದ್ದು 25.7. ಗುಣಾಂಕ ಬಿಸಿ ತುಂಡಿಗೆ 300, ತಣ್ಣನೆಯದಕ್ಕೆ 200 ಎಂದು ಹಿಡಿದರೆ:

```
26250 / (300 × 38.3) = 2.3 m²
26250 / (200 × 25.7) = 5.1 m²
```

ಒಟ್ಟು 7.4. ಸರಾಸರಿ 250 ಹಾಕಿದಾಗ ಬಂದದ್ದು 6.8. ಶಾಖದ ಕೊನೆಯ ಅರ್ಧವನ್ನು ತೆಗೆಯಲು ಕೂಲರ್‌ನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಬೇಕಾಯಿತು. "ಇನ್ನೊಂದು ಹತ್ತು ಡಿಗ್ರಿ ಇಳಿಸಿಕೊಡ್ರಿ" ಎಂದು ಮಾಲೀಕರು ಕೇಳಿದಾಗ ಫ್ಯಾಬ್ರಿಕೇಟರ್ ಯಾಕೆ ಅಷ್ಟು ಬೆಲೆ ಏರಿಸುತ್ತಾರೆ ಎಂಬುದಕ್ಕೆ ಉತ್ತರ ಇಲ್ಲಿದೆ.

ನಮ್ಮದು ಶೆಲ್ ಅಂಡ್ ಟ್ಯೂಬ್, ಟ್ಯೂಬ್‌ನಲ್ಲಿ ಎರಡು ಪಾಸ್. ಇದೇ ಸೂತ್ರ ನಡೆಯುತ್ತದೆಯೇ?

ನೇರವಾಗಿ ನಡೆಯುವುದಿಲ್ಲ. ಎರಡು ಪಾಸ್ ಇದ್ದರೆ ಟ್ಯೂಬಿನ ದ್ರವ ಒಮ್ಮೆ ಎದುರಾಗಿ, ಒಮ್ಮೆ ಜೊತೆಜೊತೆಗೆ ಹರಿಯುತ್ತದೆ. ಅರ್ಧ ಎದುರು ಹರಿವು, ಅರ್ಧ ಸಮ ಹರಿವು. ಅದಕ್ಕಾಗಿ ಎಲ್‌ಎಂಟಿಡಿಯನ್ನು ಒಂದಕ್ಕಿಂತ ಚಿಕ್ಕದಾದ ತಿದ್ದುಪಡಿ ಅಂಶದಿಂದ ಗುಣಿಸಬೇಕು. ಅದನ್ನು F ಎಂದು ಬರೆಯುತ್ತಾರೆ, ಪಠ್ಯಪುಸ್ತಕಗಳಲ್ಲಿ ಅದರ ನಕ್ಷೆಗಳಿರುತ್ತವೆ.

ನಮ್ಮ ಮೊದಲ ಲೆಕ್ಕಕ್ಕೆ, ನೀರು 55ಕ್ಕೆ ಹೊರಹೋಗುವಾಗ, F ಸುಮಾರು 0.70 ಬರುತ್ತದೆ. ವಿಸ್ತೀರ್ಣ 6.8ರ ಬದಲು 9.8. ಆ ಅಂಶ 0.75ಕ್ಕಿಂತ ಕೆಳಗೆ ಬಂದರೆ ಆ ವಿನ್ಯಾಸವನ್ನು ಬಿಡುವುದೇ ವಾಡಿಕೆ, ಏಕೆಂದರೆ ಅಲ್ಲಿ ನಕ್ಷೆ ಕಡಿದಾಗಿ ಇಳಿಯುತ್ತದೆ, ಉಷ್ಣತೆ ಒಂದೆರಡು ಡಿಗ್ರಿ ಆಚೀಚೆ ಆದರೂ ಕೂಲರ್ ಕೈಕೊಡುತ್ತದೆ. ನೀರನ್ನು 1 ಕೆ.ಜಿ.ಗೆ ಏರಿಸಿದಾಗ ಅದೇ ಅಂಶ 0.90ಕ್ಕೆ ಏರಿ, ವಿಸ್ತೀರ್ಣ 6.5 ಸಾಕಾಗುತ್ತದೆ. ಹೊರಹೋಗುವ ನೀರು ಹೊರಹೋಗುವ ಎಣ್ಣೆಗಿಂತ ಬಿಸಿಯಾಗುವ ಕೆಲಸಕ್ಕೆ ಎರಡು ಪಾಸಿನ ಕೂಲರ್ ಹೇಳಿ ಮಾಡಿಸಿದ್ದಲ್ಲ.

ಏಪ್ರಿಲ್-ಮೇನಲ್ಲಿ ಟವರ್ ನೀರು 34 ಡಿಗ್ರಿ ಬರುತ್ತದೆ. ಎಣ್ಣೆ ಎಷ್ಟಕ್ಕೆ ನಿಲ್ಲುತ್ತದೆ?

ಇದಕ್ಕೆ ಎಲ್‌ಎಂಟಿಡಿ ಹಿಡಿದು ಊಹಿಸುತ್ತಾ ಹೋಗುವ ಅಗತ್ಯವಿಲ್ಲ. ಕೂಲರ್ ಅದೇ, ಎರಡೂ ಹರಿವು ಅದೇ ಇದ್ದರೆ, ಎಣ್ಣೆಯ ಇಳಿತಕ್ಕೂ ಒಳಬರುವ ಎರಡು ಉಷ್ಣತೆಗಳ ಅಂತರಕ್ಕೂ ಇರುವ ಪ್ರಮಾಣ ಬದಲಾಗುವುದಿಲ್ಲ. ನಮ್ಮಲ್ಲಿ ಅದು 70ಕ್ಕೆ 50, ಅಂದರೆ 0.714. ನೀರು 34 ಇದ್ದರೆ ಅಂತರ 66, ಇಳಿತ 47.1, ಎಣ್ಣೆ 52.9ಕ್ಕೆ ಹೊರಬರುತ್ತದೆ. ನೀರು ಒಂದು ಡಿಗ್ರಿ ಏರಿದರೆ ಎಣ್ಣೆ ಸುಮಾರು 0.7 ಡಿಗ್ರಿ ಏರುತ್ತದೆ. ಬೇಸಿಗೆಯಲ್ಲಿ ಇಷ್ಟು ಏರಿದ್ದಕ್ಕೆ ಕೂಲರ್ ಬಿಚ್ಚಬೇಡಿ. ಇದಕ್ಕಿಂತ ಹೆಚ್ಚು ಏರಿದ್ದರೆ ಮಾತ್ರ ಮುಂದಿನ ಪ್ರಶ್ನೆಗೆ ಬನ್ನಿ.

ಎಣ್ಣೆ ಈಗ 58ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಆದರೆ ಎಲ್‌ಎಂಟಿಡಿ ಮೊದಲಿಗಿಂತ ಹೆಚ್ಚಾಗಿದೆ. ಹಾಗಾದರೆ ಕೂಲರ್ ಚೆನ್ನಾಗಿದೆ ಎಂದೇ?

ಖಂಡಿತ ಅಲ್ಲ. ಎಲ್‌ಎಂಟಿಡಿ ಕೂಲರ್‌ಗೆ ಕೊಟ್ಟ ಅಂಕವಲ್ಲ. ಇಷ್ಟು ಶಾಖವನ್ನು ದಾಟಿಸಲು ಎಷ್ಟು ತಳ್ಳಬೇಕಾಯಿತು ಎಂಬುದರ ಅಳತೆ ಅದು. ಕಡಿಮೆ ಶಾಖಕ್ಕೆ ಹೆಚ್ಚು ತಳ್ಳಬೇಕಾಗಿ ಬಂದರೆ ದಾರಿ ಕಟ್ಟಿದೆ ಎಂದು ಅರ್ಥ.

ಓದುಗಳನ್ನೇ ನೋಡೋಣ. ಎಣ್ಣೆ 100ರಿಂದ 58, ನೀರು 30ರಿಂದ 51, ಹರಿವುಗಳು ಮೊದಲಿನವೇ. ಮೊದಲು ತಾಳೆ: ಎಣ್ಣೆ ಕಡೆ 1.05ನ್ನು 42ರಿಂದ ಗುಣಿಸಿದರೆ 44.1 ಕಿಲೋವ್ಯಾಟ್. ನೀರು ಕಡೆ 2.09ನ್ನು 21ರಿಂದ ಗುಣಿಸಿದರೆ 43.9. ಚೆನ್ನಾಗಿ ತಾಳೆಯಾಗುತ್ತಿದೆ, ಅಂದರೆ ಅಳತೆ ನಂಬಬಹುದು. ಈಗ ತುದಿಗಳು: 100ರಲ್ಲಿ 51 ಕಳೆದರೆ 49, 58ರಲ್ಲಿ 30 ಕಳೆದರೆ 28.

```
LMTD = (49 − 28) / ln(49 / 28) = 37.5
U = 44100 / (6.8 × 37.5) = 173
```

ಎಲ್‌ಎಂಟಿಡಿ 30.8ರಿಂದ 37.5ಕ್ಕೆ ಏರಿದೆ, ಶಾಖ 52.5ರಿಂದ 44.1ಕ್ಕೆ ಇಳಿದಿದೆ, ಗುಣಾಂಕ 250ರಿಂದ 173ಕ್ಕೆ ಬಿದ್ದಿದೆ. ಪಾಳಿ ಪುಸ್ತಕದಲ್ಲಿ ಬರೆದಿಡಬೇಕಾದದ್ದು ಈ ಕೊನೆಯ ಸಂಖ್ಯೆಯನ್ನು. ಬೇಸಿಗೆಯಾಗಲಿ ಚಳಿಗಾಲವಾಗಲಿ, ಹರಿವು ಒಂದೇ ಇದ್ದರೆ ಅದು ಹೆಚ್ಚು ಅಲುಗಾಡುವುದಿಲ್ಲ. ಅಲುಗಾಡಿತೆಂದರೆ ಕೊಳವೆಯಲ್ಲಿ ಏನೋ ಆಗಿದೆ.

ಸುಣ್ಣ ಕಟ್ಟಿದೆಯೋ, ಎಣ್ಣೆ ಜಿಡ್ಡು ಕಟ್ಟಿದೆಯೋ ತಿಳಿಯುವುದು ಹೇಗೆ?

ಮೇಲಿನ ಎರಡು ಗುಣಾಂಕಗಳನ್ನು ತಲೆಕೆಳಗು ಮಾಡಿ ಕಳೆದರೆ ಹೊಸದಾಗಿ ಸೇರಿದ ತಡೆ ಸಿಗುತ್ತದೆ: 1/173ರಲ್ಲಿ 1/250 ಕಳೆದರೆ ಸುಮಾರು 0.0018. ಈ ಸಂಖ್ಯೆ ಸುಣ್ಣ ಯಾವುದು, ಜಿಡ್ಡು ಯಾವುದು ಎಂದು ಹೇಳುವುದಿಲ್ಲ, ಆದರೆ ದಪ್ಪದ ಅಂದಾಜು ಕೊಡುತ್ತದೆ. ಸುಣ್ಣದ ಪೊರೆ ಜಿಡ್ಡಿಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತದೆ. ಹಾಗಾಗಿ ಇಷ್ಟು ತಡೆ ಬರಲು ಸುಣ್ಣವಾದರೆ ಎರಡು-ಮೂರು ಮಿಲಿಮೀಟರ್ ಕಟ್ಟಿರಬೇಕು, ಬೆಂದು ಗಟ್ಟಿಯಾದ ಜಿಡ್ಡಾದರೆ ಮಿಲಿಮೀಟರಿನ ಕಾಲು ಭಾಗವೇ ಸಾಕು.

ಮೂರು ಮಿಲಿಮೀಟರ್ ಸುಣ್ಣ ಕಟ್ಟಿದ್ದರೆ ನೀರಿನ ದಾರಿ ಕಿರಿದಾಗಿ, ಅದೇ ಹರಿವಿಗೆ ಒತ್ತಡದ ಇಳಿತ ಹೆಚ್ಚಾಗಿರಲೇಬೇಕು. ನೀರಿನ ಎರಡು ತುದಿಯ ಪ್ರೆಷರ್ ಗೇಜ್ ನೋಡಿ. ಅಲ್ಲಿ ಏನೂ ಬದಲಾಗಿಲ್ಲವೆಂದರೆ ಅನುಮಾನ ಎಣ್ಣೆ ಕಡೆಗೆ. ನೀರು ಹೊರಹೋಗುವ ತುದಿಯ ಬೆಂಡ್ ಬಿಚ್ಚಿ ಬೆರಳಾಡಿಸಿದರೆ ಇನ್ನೂ ಖಚಿತ, ಏಕೆಂದರೆ ನೀರು ಅತಿ ಬಿಸಿ ಇರುವುದು ಅಲ್ಲೇ, ಸುಣ್ಣ ದಪ್ಪ ಕಟ್ಟುವುದೂ ಅಲ್ಲೇ. ಕೆರೆದು ತೆಗೆದ ಬಿಳಿ ಚೂರಿಗೆ ಆಸಿಡ್ ಹನಿಸಿದಾಗ ನೊರೆ ಉಕ್ಕಿದರೆ ಅದು ಸುಣ್ಣವೇ.

ಸುಣ್ಣಕ್ಕೆ ತೆಳು ಆಸಿಡ್, ಜಿಡ್ಡಿಗೆ ಬಿಸಿ ಕಾಸ್ಟಿಕ್ ಸೋಡಾ ದ್ರಾವಣ. ಒಂದರ ಕೆಲಸ ಇನ್ನೊಂದು ಮಾಡದು. ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಬೇಡಿ, ಅದರ ಕ್ಲೋರೈಡ್ ಲೋಹವನ್ನು ಚುಕ್ಕೆ ಚುಕ್ಕೆಯಾಗಿ ತೂತು ಮಾಡುತ್ತದೆ. ಸಲ್ಫಾಮಿಕ್ ಅಥವಾ ಸಿಟ್ರಿಕ್ ಆಸಿಡ್ ಬಳಸಿ. ತಿನ್ನುವ ಎಣ್ಣೆ ಹರಿಯುವ ಕೊಳವೆಯಾದ್ದರಿಂದ ತೊಳೆದ ನೀರು ಲಿಟ್ಮಸ್‌ಗೆ ಬಣ್ಣ ಬದಲಿಸದೆ ಬರುವವರೆಗೂ ತೊಳೆಯಬೇಕು. ಎಣ್ಣೆಯ ಒತ್ತಡ ಯಾವಾಗಲೂ ನೀರಿನದ್ದಕ್ಕಿಂತ ಸ್ವಲ್ಪ ಮೇಲಿರಲಿ. ತೂತು ಬಿದ್ದರೂ ಎಣ್ಣೆ ನೀರಿಗೆ ಬಂದು ಟವರ್ ತೊಟ್ಟಿಯಲ್ಲಿ ಜಿಡ್ಡಾಗಿ ಕಾಣುತ್ತದೆ, ನೀರು ಎಣ್ಣೆಗೆ ಸೇರುವುದಿಲ್ಲ.

ಕೂಲರ್ ತೊಳೆದು ಜೋಡಿಸಿದೆವು. ಆದರೂ ಎಣ್ಣೆ 57-58ಕ್ಕೇ ನಿಂತಿದೆ. ಮತ್ತೆ ಆಸಿಡ್ ಹಾಕಬೇಕೇ?

ಆಸಿಡ್ ಕ್ಯಾನ್ ಮುಟ್ಟುವ ಮೊದಲು ಪೈಪ್ ನೋಡಿ. ತೊಳೆದ ಮೇಲೆ ನೀರಿನ ಎರಡು ಪೈಪ್ ಅದಲುಬದಲಾಗಿ ಜೋಡಣೆಯಾಗಿದ್ದರೆ ಎದುರು ಹರಿವು ಹೋಗಿ ಸಮ ಹರಿವಾಗಿರುತ್ತದೆ. ನಮ್ಮ ಕೂಲರ್ ಪೂರ್ತಿ ಸ್ವಚ್ಛವಾಗಿದ್ದು, ಗುಣಾಂಕ 250 ಇದ್ದೂ, ಬರೀ ದಿಕ್ಕು ತಪ್ಪಿದ್ದರೆ ಲೆಕ್ಕದ ಪ್ರಕಾರ ಎಣ್ಣೆ 57.5ಕ್ಕೂ ನೀರು 51.4ಕ್ಕೂ ಹೊರಬರುತ್ತದೆ. ಸುಣ್ಣ ಕಟ್ಟಿದ ಕೂಲರ್‌ನ ಓದುಗಳೂ ಹೆಚ್ಚುಕಡಿಮೆ ಇವೇ. ನಾಲ್ಕು ಥರ್ಮಾಮೀಟರ್ ನೋಡಿ ಈ ಎರಡು ತೊಂದರೆಗಳನ್ನು ಬೇರೆ ಮಾಡಲು ಸಾಧ್ಯವೇ ಇಲ್ಲ.

ಬೇರೆ ಮಾಡುವುದು ಎರಡು ವಿಷಯ. ಒಂದು, ಕಾಲ. ಸುಣ್ಣ ತಿಂಗಳುಗಟ್ಟಲೆ ನಿಧಾನವಾಗಿ ಕಟ್ಟುತ್ತದೆ, ಪಾಳಿ ಪುಸ್ತಕದಲ್ಲಿ ಗುಣಾಂಕ ಮೆಟ್ಟಿಲಿಳಿದಂತೆ ಕಾಣುತ್ತದೆ. ಪೈಪ್ ತಪ್ಪಿದರೆ ರಿಪೇರಿಯಾದ ದಿನದಿಂದಲೇ ಓದು ಕೆಟ್ಟಿರುತ್ತದೆ. ಇನ್ನೊಂದು, ಜಾಗ. ಬಿಸಿ ಎಣ್ಣೆ ಒಳಹೋಗುವ ಫ್ಲೇಂಜ್ ಹತ್ತಿರ ನಿಂತು, ಅದೇ ತುದಿಯ ನೀರಿನ ಪೈಪಿಗೆ ಕೈ ತಾಗಿಸಿ ನೋಡಿ. ಎಣ್ಣೆ ಪೈಪನ್ನು ಮಾತ್ರ ಮುಟ್ಟಬೇಡಿ, ಅದು 100 ಡಿಗ್ರಿ ಇದೆ. ನೀರಿನ ಪೈಪ್ ಅಲ್ಲಿ ಕೈ ಇಡಲಾಗದಷ್ಟು ಬಿಸಿ ಇದ್ದರೆ ಜೋಡಣೆ ಸರಿಯಿದೆ. ತಣ್ಣಗಿದ್ದರೆ ಪಂಪ್ ನಿಲ್ಲಿಸಿ, ನೀರಿನ ಎರಡೂ ಪೈಪ್ ಬಿಚ್ಚಿ, ಅದಲುಬದಲು ಮಾಡಿ ಕಟ್ಟಿ. ಕಟ್ಟಿದ ಮೇಲೆ ಮೇಲಿನ ವೆಂಟ್ ಸಡಿಲಿಸಿ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ಬಿಟ್ಟು, ಓಟ ಸ್ಥಿರವಾದ ನಂತರ ನಾಲ್ಕೂ ಉಷ್ಣತೆಗಳನ್ನು ಬರೆದುಕೊಂಡು ತಾಳೆಯಿಂದ ಮತ್ತೆ ಶುರು ಮಾಡಿ.